ಟೈರ್ ಬೇಗ ಸವೆದರೆ ವಾರಂಟಿಯಲ್ಲಿ ಏನು ಸಿಗುತ್ತದೆ?

ಪ್ರಶ್ನೆ: ಟೈರಿಗೆ 80,000 ಕಿ.ಮೀ. ವಾರಂಟಿ ಅಂದಿದ್ರು, 60,000ಕ್ಕೇ ಸವೆದಿದೆ. ಹೊಸದು ಪುಕ್ಕಟೆ ಸಿಗುತ್ತಾ? ರೋಡ್ ಹಜಾರ್ಡ್ ವಾರಂಟಿ ಅಂದ್ರೆ ಇದೇನಾ?

ಉತ್ತರ: ಪುಕ್ಕಟೆ ಸಿಗಲ್ಲ, ಓಡದೆ ಉಳಿದ ದೂರದಷ್ಟು ರಿಯಾಯಿತಿ ಸಿಗುತ್ತದೆ. ಉಳಿದದ್ದು 20,000, ಅಂದರೆ ಕಾಲು ಭಾಗ. ಹಾಗಾಗಿ ಹೊಸ ಟೈರಿನ ಬೆಲೆಯಲ್ಲಿ ಶೇ. 25 ಕಡಿತ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ತೆರಿಗೆ ಸಾಮಾನ್ಯವಾಗಿ ನಿಮ್ಮ ಖರ್ಚೇ.

ಆದರೆ ಟೈರ್ ಅಗಲಕ್ಕೂ ಸಮನಾಗಿ ಸವೆದು, ಕಚ್ಚುಗಳ ಒಳಗಿನ ಸವೆತದ ಗುರುತಿಗೆ (ಸಾಮಾನ್ಯವಾಗಿ 1.6 ಮಿ.ಮೀ.) ಬಂದಿರಬೇಕು. ಒಂದೇ ಅಂಚು ಬೋಳಾಗಿದ್ದರೆ ಅಲೈನ್‌ಮೆಂಟ್ ದೋಷವೆಂದು ತಳ್ಳಿಹಾಕುತ್ತಾರೆ. ಸುಮಾರು 8,000–10,000 ಕಿ.ಮೀ.ಗೊಮ್ಮೆ ಟೈರ್ ರೊಟೇಷನ್ ಮಾಡಿಸಿದ ರಸೀದಿಗಳನ್ನೂ ಕೇಳುತ್ತಾರೆ. ಕ್ಲೇಮು ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ರೋಡ್ ಹಜಾರ್ಡ್ ಬೇರೆಯದು: ಮೊಳೆ, ಗಾಜು, ಗುಂಡಿಯ ಪೆಟ್ಟಿಗೆ. ತುಳಿಯುವ ಭಾಗದ ಸಣ್ಣ ಪಂಕ್ಚರ್ ರಿಪೇರಿಯಾಗುತ್ತದೆ. ಪಕ್ಕದ ಗೋಡೆ ಸೀಳಿದರೆ ಟೈರ್ ಬದಲಿ, ಅದೂ ಹಲವು ಯೋಜನೆಗಳಲ್ಲಿ ಉಳಿದ ಕಚ್ಚಿನ ಆಳದ ಲೆಕ್ಕದಲ್ಲಿ. ಅಪಘಾತ, ಬೇಕೆಂದೇ ಕೊಯ್ದದ್ದು, ರೇಸಿಂಗ್ ಸಾಮಾನ್ಯವಾಗಿ ಸೇರುವುದಿಲ್ಲ. ಗಾಳಿ ಇಳಿದ ಮೇಲೂ ಓಡಿಸಿದ್ದರೆ ಒಳಗೆ ರಬ್ಬರ್ ಪುಡಿ, ಗೋಡೆಯ ಸುತ್ತ ಉಜ್ಜಿದ ಉಂಗುರ ಕಾಣುತ್ತದೆ. ಅದನ್ನು ಕಂಡರೆ ಮೊಳೆ ಚುಚ್ಚಿಕೊಂಡೇ ಇದ್ದರೂ ಕೊಡುವುದಿಲ್ಲ.