ಐದು ದಿನ ರಜೆ, ಆಮೇಲೆ ಒಂದೇ ದಿನ

ದ್ವಿತೀಯ ಪಿಯುಸಿ ಪರೀಕ್ಷೆ. ಭೌತಶಾಸ್ತ್ರಕ್ಕೆ ಮುಂಚೆ ಐದು ದಿನ ರಜೆ ಇದೆ, ಅದಾದ ಮೇಲೆ ರಸಾಯನಶಾಸ್ತ್ರಕ್ಕೆ ಒಂದೇ ದಿನ. ಹೇಗೆ ಓದಲಿ?

ಐದರಲ್ಲಿ ಮೊದಲ ಎರಡು ದಿನ ರಸಾಯನಶಾಸ್ತ್ರಕ್ಕೇ ಕೊಡಿ. ಒಂದೇ ದಿನದಲ್ಲಿ ಹೊಸ ಪಾಠ ತಲೆಗೆ ಹತ್ತುವುದಿಲ್ಲ, ಓದಿದ್ದನ್ನು ಮೆಲುಕು ಹಾಕಬಹುದಷ್ಟೆ. ಸಾವಯವ ಕ್ರಿಯೆಗಳು, ಡಿ-ಬ್ಲಾಕ್‌ನಂಥ ಬೇಗ ಮರೆತುಹೋಗುವ ಭಾಗಗಳನ್ನು ಓದಿ, ಪುಸ್ತಕ ಮುಚ್ಚಿ ಬರೆಯಿರಿ. ತಪ್ಪಿದ್ದನ್ನು ಮಾತ್ರ ಒಂದು ಹಾಳೆಗೆ ಇಳಿಸಿಕೊಳ್ಳಿ. ಉಳಿದ ಮೂರು ದಿನ ಭೌತಶಾಸ್ತ್ರ: ಸೂತ್ರಗಳ ವ್ಯುತ್ಪತ್ತಿ, ಲೆಕ್ಕಗಳು, ಕೊನೆಗೆ ಗಡಿಯಾರ ಇಟ್ಟುಕೊಂಡು ಒಂದು ಹಳೆಯ ಪ್ರಶ್ನೆಪತ್ರಿಕೆ. ತಪ್ಪುಗಳ ಹಾಳೆ ಎರಡು ಪುಟ ದಾಟಿತೆಂದರೆ ರಸಾಯನಶಾಸ್ತ್ರ ಇನ್ನೂ ಕಚ್ಚಾ ಇದೆ. ಹಾಗಾದರೆ ಆ ಮೂರು ದಿನವೂ ಬೆಳಗ್ಗೆ ಒಂದು ಗಂಟೆ ಅದಕ್ಕೆ ಮೀಸಲಿಡಿ. ಭೌತಶಾಸ್ತ್ರ ಬರೆದು ಬಂದ ಮೇಲೆ ಗೆಳೆಯರ ಜೊತೆ ಉತ್ತರ ತಾಳೆ ನೋಡಬೇಡಿ, ಮಲಗಿ. ಸಂಜೆ ರಸಾಯನಶಾಸ್ತ್ರವನ್ನು ಆ ತಪ್ಪುಗಳ ಹಾಳೆಯಿಂದಲೇ ಶುರುಮಾಡಿ.