ಸಾಮರ್ಥ್ಯ ಹೇಳಿಕೆಯಲ್ಲಿ "ವೆಂಟಿಲೇಟರ್ ನಿರ್ವಹಣೆ" ಎಂದು ಬರೆಯುವ ಮುನ್ನ

ಪ್ರಶ್ನೆ: "ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಆಸ್ಟ್ರೇಲಿಯಾದ ನೋಂದಣಿಗೆ ನನ್ನ ಕ್ಲಿನಿಕಲ್ ಕೌಶಲ ಮತ್ತು ಜವಾಬ್ದಾರಿಗಳನ್ನು ಬರೆದುಕೊಡಬೇಕಾಗಿದೆ. ಏಜೆನ್ಸಿಯವರು ಕೊಟ್ಟ ಮಾದರಿಯಲ್ಲಿ 'ವೆಂಟಿಲೇಟರ್ ನಿರ್ವಹಣೆಯಲ್ಲಿ ಪರಿಣತಿ' ಎಂದಿದೆ. ಹಾಗೇ ಬರೆಯಬಹುದೇ?"

ಹಾಗೇ ಬರೆಯಬೇಡಿ. ನೀವು ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡಿರುವುದು ನಿಜವೇ ಇರಬಹುದು, ಆದರೆ ಆ ಒಂದು ಸಾಲಿನಿಂದ ನೀವು ಏನು ಮಾಡುತ್ತಿದ್ದಿರಿ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಅಲ್ಲಿ ಅದೇ ಮಾತಿಗೆ ಬೇರೆ ಅರ್ಥವಿದೆ. ಆಸ್ಟ್ರೇಲಿಯಾದ ಐಸಿಯುಗಳಲ್ಲಿ ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಸಾಮಾನ್ಯವಾಗಿ ಒಬ್ಬ ನರ್ಸ್ ಇರುತ್ತಾರೆ, ಮತ್ತು ವೈದ್ಯರು ನಿಗದಿಪಡಿಸಿದ ಮಿತಿಯೊಳಗೆ ಆಮ್ಲಜನಕದ ಪ್ರಮಾಣವನ್ನು ಅವರೇ ಹೆಚ್ಚು ಕಡಿಮೆ ಮಾಡುವುದುಂಟು. ಮಂಗಳೂರಿನಲ್ಲಿ ನಾನು ಕೆಲಸ ಮಾಡಿದ ಐಸಿಯುನಲ್ಲಿ ಒಂದು ಪಾಳಿಗೆ ಇಬ್ಬರು, ಕೆಲವೊಮ್ಮೆ ಮೂವರು ರೋಗಿಗಳಿರುತ್ತಿದ್ದರು, ಮತ್ತು ಯಂತ್ರದ ಯಾವ ಸೆಟ್ಟಿಂಗನ್ನೂ ವೈದ್ಯರ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಇವೆರಡನ್ನೂ "ನಿರ್ವಹಣೆ" ಎಂಬ ಒಂದೇ ಪದದಲ್ಲಿ ಹೇಳಿದರೆ, ಉದ್ದೇಶವಿಲ್ಲದಿದ್ದರೂ ಅದು ಸುಳ್ಳಾಗುತ್ತದೆ.

ನನ್ನ ಮೊದಲ ಕರಡಿನಲ್ಲಿ ನಾನೂ ಇಂಥದೇ ಮಾದರಿಯನ್ನು ಇಳಿಸಿಕೊಂಡಿದ್ದೆ. ಅದರಲ್ಲಿ "ಇನ್‌ಟ್ಯುಬೇಷನ್ ನಿರ್ವಹಿಸಿದ್ದೇನೆ" ಎಂಬ ಸಾಲಿತ್ತು. ಸೇವಾ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅದನ್ನು ಓದಿ, "ಟ್ಯೂಬ್ ಹಾಕಿದವರು ಅರಿವಳಿಕೆ ವೈದ್ಯರು, ನೀನು ಲಾರಿಂಗೋಸ್ಕೋಪ್ ಪರೀಕ್ಷಿಸಿ ಕೊಟ್ಟೆ, ಔಷಧಿ ಕೊಟ್ಟೆ, ಸಕ್ಷನ್ ಹಿಡಿದೆ, ಅದನ್ನೇ ಬರೆ" ಎಂದು ಹಾಳೆಯನ್ನು ವಾಪಸು ಕೊಟ್ಟರು. ಅಂದಿನಿಂದ ಪ್ರತಿ ಕೌಶಲದ ಮುಂದೆ ಕ್ರಿಯಾಪದವನ್ನೇ ಮೊದಲು ನೋಡುತ್ತೇನೆ. ಸ್ವತಃ ನಿರ್ಧರಿಸಿ ಮಾಡಿದ್ದು, ವೈದ್ಯರ ಲಿಖಿತ ಆದೇಶದಂತೆ ಮಾಡಿದ್ದು, ಇನ್ನೊಬ್ಬರು ಮಾಡುವಾಗ ನೆರವಾದದ್ದು, ಬರೀ ನೋಡಿದ್ದು ಎಂಬ ನಾಲ್ಕರಲ್ಲಿ ಯಾವುದು ಎಂದು ನಿಮ್ಮ ಪ್ರತಿ ವಾಕ್ಯವೂ ಹೇಳಬೇಕು.

ನಿಮ್ಮ ಸಾಲನ್ನೇ ತೆಗೆದುಕೊಂಡು ಬಿಡಿಸಿ ತೋರಿಸುತ್ತೇನೆ. ನೀವು ಬರೆಯುವುದು ಇಂಗ್ಲಿಷಿನಲ್ಲಾದ್ದರಿಂದ ಹುರುಳನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ, ನಿಮ್ಮ ಘಟಕದ ಸಂಗತಿಗಳು ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

"ಹನ್ನೆರಡು ಹಾಸಿಗೆಗಳ ಮೆಡಿಕಲ್ ಐಸಿಯುನಲ್ಲಿ ಪ್ರತಿ ಪಾಳಿಗೆ ಇಬ್ಬರು ರೋಗಿಗಳ ಶುಶ್ರೂಷೆ ನನ್ನ ಹೊಣೆಯಾಗಿತ್ತು, ಅವರಲ್ಲಿ ಸಾಮಾನ್ಯವಾಗಿ ಒಬ್ಬರು ವೆಂಟಿಲೇಟರ್ ಮೇಲಿರುತ್ತಿದ್ದರು. ವೆಂಟಿಲೇಟರ್‌ನ ಮೋಡ್ ಮತ್ತು ಸೆಟ್ಟಿಂಗ್‌ಗಳನ್ನು ವೈದ್ಯರು ನಿಗದಿಪಡಿಸಿ ಬದಲಾಯಿಸುತ್ತಿದ್ದರು. ಅವನ್ನು ಗಂಟೆಗೊಮ್ಮೆ ದಾಖಲಿಸಿ ಆದೇಶದೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಪಾಳಿಯ ಆರಂಭದಲ್ಲಿ ತುಟಿಯ ಬಳಿ ಟ್ಯೂಬಿನ ಸೆಂಟಿಮೀಟರ್ ಗುರುತನ್ನು, ಎರಡೂ ಕಡೆ ಗಾಳಿ ಹೋಗುತ್ತಿದೆಯೇ ಎಂಬುದನ್ನು ಪರಿಶೀಲಿಸುತ್ತಿದ್ದೆ. ಟ್ಯೂಬಿನ ಕಫ್ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಉಳಿಸುತ್ತಿದ್ದೆ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ ಇಡುತ್ತಿದ್ದೆ. ಸಕ್ಷನ್ ಯಾವಾಗ ಬೇಕೆಂಬುದನ್ನು ಕಫದ ಸದ್ದು, ಒತ್ತಡದ ಏರಿಕೆ ಮತ್ತು ಆಮ್ಲಜನಕದ ಮಟ್ಟವನ್ನು ನೋಡಿ ನಾನೇ ನಿರ್ಧರಿಸುತ್ತಿದ್ದೆ. ಅಲಾರಂ ಬಂದು ಆಮ್ಲಜನಕದ ಮಟ್ಟ ಇಳಿದರೆ ಮೊದಲು ರೋಗಿಯನ್ನು, ಆಮೇಲೆ ಟ್ಯೂಬ್ ಮತ್ತು ಸರ್ಕಿಟನ್ನು ನೋಡಿ, ಕಾರಣ ತಕ್ಷಣ ಸಿಗದಿದ್ದರೆ ಯಂತ್ರದಿಂದ ಬೇರ್ಪಡಿಸಿ, ಪೂರ್ಣ ಆಮ್ಲಜನಕದೊಂದಿಗೆ ಆಂಬು ಬ್ಯಾಗಿನಿಂದ ಉಸಿರು ಕೊಡುತ್ತ ವೈದ್ಯರನ್ನು ಕರೆಯುತ್ತಿದ್ದೆ."

ಇದರಲ್ಲಿ "ಪರಿಣತಿ" ಎಂಬ ಪದವೇ ಇಲ್ಲ, ಆದರೂ ಮಾದರಿಯ ಸಾಲಿಗಿಂತ ಇದು ನಿಮ್ಮ ಬಗ್ಗೆ ಹೆಚ್ಚು ಹೇಳುತ್ತದೆ. ಎಷ್ಟು ರೋಗಿಗಳು, ಯಾರ ಆದೇಶ, ನನ್ನ ನಿರ್ಧಾರ ಎಲ್ಲಿಯವರೆಗೆ, ಯಾವ ಹಂತದಲ್ಲಿ ವೈದ್ಯರನ್ನು ಕರೆಯುತ್ತೇನೆ ಎಂಬುದೆಲ್ಲ ಅದರಲ್ಲಿದೆ. ಕೊನೆಯದನ್ನು ಬಿಡಲೇಬೇಡಿ. ಕರೆಯುವ ಹಂತವನ್ನು ಬರೆದರೆ ಅಧೀನಳಂತೆ ಕಾಣುತ್ತೇನೆ ಎಂದು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ, ಆದರೆ ತನ್ನ ವ್ಯಾಪ್ತಿ ಎಲ್ಲಿ ಮುಗಿಯುತ್ತದೆಂದು ಬಲ್ಲ ನರ್ಸ್ ಸುರಕ್ಷಿತ ಎಂದೇ ಓದುವವರು ತಿಳಿಯುತ್ತಾರೆ. ನಾರ್‌ಅಡ್ರಿನಲಿನ್ ಇನ್‌ಫ್ಯೂಷನ್ ಬಗ್ಗೆ ಬರೆಯುವಾಗಲೂ ಇದೇ ಕ್ರಮ. ಸರಾಸರಿ ರಕ್ತದೊತ್ತಡ 65ಕ್ಕಿಂತ ಮೇಲಿರುವಂತೆ ಇಂತಿಷ್ಟು ಮಿತಿಯೊಳಗೆ ಪಂಪಿನ ವೇಗ ಬದಲಾಯಿಸಿ ಎಂದು ಆದೇಶವಿದ್ದು ನೀವೇ ಬದಲಾಯಿಸುತ್ತಿದ್ದರೆ ಹಾಗೆ ಬರೆಯಿರಿ. ಪ್ರತಿ ಬಾರಿ ಫೋನ್ ಮಾಡಿ ಕೇಳುತ್ತಿದ್ದರೆ ಅದನ್ನೇ ಬರೆಯಿರಿ.

ಇನ್ನೊಂದು ವಿಷಯವನ್ನು ನಮ್ಮವರು ಬಿಟ್ಟೇಬಿಡುತ್ತಾರೆ. ರೋಗಿಯನ್ನು ಒರೆಸುವುದು, ಮಗ್ಗುಲು ಬದಲಾಯಿಸುವುದು, ಊಟ ಮಾಡಿಸುವುದು ನಮ್ಮ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಆಯಾಗಳ ಕೆಲಸ, ಜನರಲ್ ವಾರ್ಡಿನಲ್ಲಾದರೆ ಮನೆಯವರ ಕೆಲಸ. ಅದನ್ನು ಬರೆದರೆ ಮರ್ಯಾದೆ ಕಡಿಮೆಯಾದೀತೆಂದು ಕೆಲವರು ಬಿಡುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ತಾವೇ ಮಾಡಿದಂತೆ ಬರೆಯುತ್ತಾರೆ. ಎರಡೂ ತಪ್ಪು. ಆಸ್ಟ್ರೇಲಿಯಾದಲ್ಲಿ ಇವು ರಿಜಿಸ್ಟರ್ಡ್ ನರ್ಸ್ ಕೂಡ ದಿನವೂ ಮಾಡುವ ಕೆಲಸಗಳು. ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಬೋರ್ಡ್ 2016ರಲ್ಲಿ ಜಾರಿಗೆ ತಂದ ಏಳು ವೃತ್ತಿ ಮಾನದಂಡಗಳಲ್ಲಿ ಆರನೆಯದು ಸುರಕ್ಷಿತ ಶುಶ್ರೂಷೆಗೆ ಸಂಬಂಧಿಸಿದ್ದು. ಇತರರಿಗೆ ವಹಿಸಿದ ಕೆಲಸಕ್ಕೆ ನಿರ್ದೇಶನ ಕೊಟ್ಟು ಮೇಲ್ವಿಚಾರಣೆ ಮಾಡುವುದೂ ಅದರಲ್ಲಿ ಸೇರಿದೆ. ಆದ್ದರಿಂದ "ಎರಡು ಗಂಟೆಗೊಮ್ಮೆ ಆಯಾ ಜೊತೆಗೂಡಿ ರೋಗಿಯ ಮಗ್ಗುಲು ಬದಲಾಯಿಸುತ್ತಿದ್ದೆ, ಬೆನ್ನು ಮತ್ತು ಹಿಮ್ಮಡಿಯ ಚರ್ಮವನ್ನು ನಾನೇ ನೋಡಿ ದಾಖಲಿಸುತ್ತಿದ್ದೆ" ಎಂಬುದು ನಿಜವಾದ ವಾಕ್ಯ, ಗೌರವದ ವಾಕ್ಯ ಕೂಡ. ಆದರೆ ನಿಮ್ಮ ವಾರ್ಡಿನಲ್ಲಿ ಒತ್ತಡದ ಹುಣ್ಣಿನ ಅಪಾಯವನ್ನು ಅಳೆಯುವ ಬ್ರೇಡನ್ ಸ್ಕೇಲ್ ಬಳಸುತ್ತಿರಲಿಲ್ಲವೆಂದರೆ, ಪುಸ್ತಕದಲ್ಲಿ ಓದಿದ್ದೇನೆಂದು ಅದನ್ನು ಸೇರಿಸಬೇಡಿ.

ಬರೆದಾದ ಮೇಲೆ ಸೇವಾ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟು ಓದಿ. ಹುದ್ದೆಯ ಹೆಸರು, ಘಟಕ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರದ ಕೆಲಸದ ಗಂಟೆ ಎರಡರಲ್ಲೂ ಒಂದೇ ಇರಬೇಕು. ಮಧ್ಯೆ ಆರು ತಿಂಗಳು ವಾರ್ಡಿಗೆ ಹಾಕಿದ್ದರೆ ನಾಲ್ಕೂ ವರ್ಷ ಐಸಿಯು ಎಂದು ಬರೆಯುವಂತಿಲ್ಲ. ಪಾಳಿಯ ಇನ್‌ಚಾರ್ಜ್ ಆಗಿ ರಜೆಯ ದಿನಗಳಲ್ಲಿ ಮಾತ್ರ ನಿಂತಿದ್ದರೆ ಹಾಗೆಂದೇ ಹೇಳಿ, "ಟೀಮ್ ಲೀಡರ್" ಎಂಬ ಹೊಸ ಹುದ್ದೆಯನ್ನು ಹುಟ್ಟಿಸಬೇಡಿ. ಅರ್ಜಿಯ ಜೊತೆ ಅಲ್ಲಿನ ನೋಂದಣಿ ಸಂಸ್ಥೆಯಾದ ಆಹ್ಪ್ರಾಗೆ ಕೊಡುವ ರೆಸ್ಯೂಮೆಯಲ್ಲಿ ಓದು ಮುಗಿದಂದಿನಿಂದ ಕೆಲಸವಿಲ್ಲದ ಅವಧಿಗಳಿಗೂ ವಿವರಣೆ ಇರಬೇಕು. ಅದು ಇಂಥ ದಿನಾಂಕಕ್ಕೆ ಸತ್ಯ ಮತ್ತು ಸರಿ ಎಂದು ಬರೆದು ನೀವೇ ಸಹಿ ಹಾಕುತ್ತೀರಿ. ಆ ಸಹಿ ಏಜೆನ್ಸಿಯವರದಲ್ಲ, ನಿಮ್ಮದು.

ಕೊನೆಗೆ, ಕರಡನ್ನು ನಿಮ್ಮ ಐಸಿಯುನಲ್ಲೇ ಕೆಲಸ ಮಾಡುವ ಒಬ್ಬ ಹಿರಿಯ ಸಿಸ್ಟರ್‌ಗೆ ಕೊಟ್ಟು, ಪ್ರತಿ ಸಾಲಿಗೂ "ಇದನ್ನು ನಾನು ಮಾಡುವುದನ್ನು ನೀವು ನೋಡಿದ್ದೀರಾ?" ಎಂದು ಕೇಳಿ. ಅವರು ತಡವರಿಸಿದ ಸಾಲುಗಳಲ್ಲಿ ಕ್ರಿಯಾಪದವನ್ನು ಒಂದು ಹಂತ ಇಳಿಸಿ ಬರೆಯಿರಿ, ಇಲ್ಲವೇ ಆ ಸಾಲನ್ನೇ ತೆಗೆದುಬಿಡಿ.