ರೋಬಸ್ಟಾಗೆ ರಿಮೈಂಡರ್ ಯಾವ ದಿನದಿಂದ?

"ಎರಡು ಎಕರೆ ರೋಬಸ್ಟಾ ಕಾಫಿ, ವಿರಾಜಪೇಟೆ ಕಡೆ. ನೀರು, ಗೊಬ್ಬರ, ಸ್ಪ್ರೇಗೆ ಮೊಬೈಲಲ್ಲಿ ತಾರೀಕು ಹಾಕಿದರೆ ಪ್ರತಿವರ್ಷ ಹೊಂದಲ್ಲ. ಹೇಗೆ ಇಡೋದು?"

ತಾರೀಕಿಗೆ ಕಟ್ಟಬೇಡಿ ಸರ್, ಮೊಗ್ಗು ಅರಳಿಸುವ ಹೂಮಳೆಗೆ ಕಟ್ಟಿ. ಸ್ಪ್ರಿಂಕ್ಲರ್ ಬಿಟ್ಟ ದಿನ ಅಥವಾ ಒಂದಿಂಚು ಮಳೆ ಬಿದ್ದ ದಿನವೇ ಮೊದಲ ದಿನ. ಅರ್ಧ ಇಂಚಷ್ಟೇ ಬಿದ್ದರೆ ಉಳಿದ ನೀರು ಕೂಡಲೇ ಕೊಡಿ, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಅರಳಲ್ಲ. ಎಂಟ್ಹತ್ತು ದಿನಕ್ಕೆ ಹೂ. ಆಗ ಕೀಟನಾಶಕ ಮುಟ್ಟಲೇಬೇಡಿ, ಜೇನುನೊಣ ಓಡಾಡಬೇಕು.

20ನೇ ದಿನಕ್ಕೆ ಬ್ಯಾಕಿಂಗ್ ನೀರು, ಅಂದರೆ ಹೂವಾದ ಮೇಲೆ ಕಾಯಿ ಕಚ್ಚಲು ಕೊಡುವ ಎರಡನೇ ನೀರು. ಅಷ್ಟರಲ್ಲಿ ಒಳ್ಳೆ ಮಳೆ ಬಂದರೆ ಆ ರಿಮೈಂಡರ್ ಅಳಿಸಿ. ಗೊಬ್ಬರದ ರಿಮೈಂಡರ್ ಬ್ಯಾಕಿಂಗ್ ಆದ ಕೂಡಲೇ ಇಡಿ. ಗಿಡದ ಬುಡದ ಮಣ್ಣು ಹಿಡಿದರೆ ಉಂಡೆ ಕಟ್ಟಬೇಕು, ಪುಡಿಯಾದರೆ ಕಾಯಿರಿ.

ಮೆಣಸಿನ ಬಳ್ಳಿಯೂ ಇದ್ದರೆ ಶೇ. 1ರ ಬೋರ್ಡೋ ದ್ರಾವಣ ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ.